ಯೂಸರ್‌ನೇಮ್‌ನಲ್ಲಿ ಕನ್ನಡ ಹೆಸರು ಎಲ್ಲಿ ಎಡವುತ್ತದೆ: ದೋಷ ಹುಡುಕಿ ಸರಿಪಡಿಸುವ ಬಗೆ

ಈ ದೋಷದ ಲಕ್ಷಣಗಳು ಬೇರೆ ಬೇರೆ ಥರ ಕಾಣಿಸುತ್ತವೆ. ಫೋನಲ್ಲಿ ಹೇಳಿದ ವಿಳಾಸಕ್ಕೆ ಇಮೇಲ್ ಕಳಿಸಿದ್ದೇವೆ ಅನ್ನುತ್ತಾರೆ, ನಿಮಗೆ ಏನೂ ಬಂದಿರುವುದಿಲ್ಲ. ಹುಡುಕಿದರೆ ನಿಮ್ಮ ಖಾತೆ ಸಿಗಲಿಲ್ಲ ಅನ್ನುತ್ತಾರೆ. ನಿಮ್ಮ ಸಂಬಳದ ಚೀಟಿ ಅದೇ ಹೆಸರಿನ ಇನ್ನೊಬ್ಬರ ಇನ್‌ಬಾಕ್ಸ್‌ಗೆ ಹೋಗಿರುತ್ತದೆ. ಇಲ್ಲವೇ ಎಲ್ಲ ಸರಿಯಾಗಿ ತಲುಪುತ್ತದೆ, ಆದರೆ ಆನ್‌ಲೈನ್ ಮೀಟಿಂಗಿನಲ್ಲಿ ರಮಾ ಅವರನ್ನು "ರಾಮ್ ಸರ್" ಅಂತ ಕರೆಯುತ್ತಾರೆ.

ಮೇಲ್ನೋಟಕ್ಕೆ ಇವೆಲ್ಲ ಒಂದೇ ದೋಷ ಅನಿಸುತ್ತದೆ. ಹಾಗಲ್ಲ, ಇಲ್ಲಿ ಎರಡು ದೋಷಗಳಿವೆ. ಒಂದಕ್ಕೆ ಮಾಡುವ ಪರಿಹಾರ ಇನ್ನೊಂದನ್ನು ಜಾಸ್ತಿ ಮಾಡುತ್ತದೆ. ಆದ್ದರಿಂದ ಸ್ಪೆಲಿಂಗ್ ಬದಲಿಸುವ ಮೊದಲು ನಿಮ್ಮದು ಯಾವುದು ಅಂತ ಗೊತ್ತುಮಾಡಿಕೊಳ್ಳಬೇಕು.

ಕೇಳಿ ಬರೆಯುವಾಗಲೋ, ನೋಡಿ ಓದುವಾಗಲೋ?

ಮೊದಲನೆಯದು ಕೇಳಿ ಬರೆಯುವಾಗಿನ ದೋಷ. ನಿಮ್ಮ ಹೆಸರು ಕಿವಿಗೆ ಸರಿಯಾಗಿಯೇ ಬಿದ್ದಿರುತ್ತದೆ. ಆದರೆ ಅದನ್ನು ಟೈಪ್ ಮಾಡುವವರು ನೀವು ಬಳಸಿದ ಅಕ್ಷರಗಳನ್ನೇ ಬಳಸುವುದಿಲ್ಲ. ನೀವು `savitha` ಅಂತ ಖಾತೆ ತೆರೆದಿದ್ದೀರಿ, ಅವರು `savita` ಅಂತ ಒತ್ತುತ್ತಾರೆ. ಇಲ್ಲಿ ಕಳೆದುಹೋಗುವುದು ಪತ್ರ, ಒಟಿಪಿ, ದುಡ್ಡು.

ಎರಡನೆಯದು ನೋಡಿ ಓದುವಾಗಿನ ದೋಷ. ಅಕ್ಷರ ಸರಿಯಾಗಿವೆ, ಉಚ್ಚಾರ ತಪ್ಪುತ್ತದೆ. `rama` ಅಂದರೆ ರಮಾನೂ ಆಗಬಹುದು, ರಾಮನೂ ಆಗಬಹುದು. `kala` ಅಂದರೆ ಕಲಾ, ಕಾಲ, ಕಾಳ ಮೂರೂ ಹೌದು. ಇಲ್ಲಿ ಪತ್ರ ಕಳೆಯುವುದಿಲ್ಲ, ಹೆಸರು ಕೆಡುತ್ತದೆ.

ಎರಡನೆಯದನ್ನು ಸರಿಮಾಡಲು ಹೊರಟವರು ಸಾಮಾನ್ಯವಾಗಿ `ramaa` ಅಂತ ಬರೆಯುತ್ತಾರೆ. ಓದುವವರಿಗೆ ಈಗ ಅನುಮಾನ ಇಲ್ಲ. ಆದರೆ ಫೋನಲ್ಲಿ "ರಮಾ" ಅಂತ ಕೇಳಿದವರು ಕೊನೆಗೆ ಎರಡು ಎ ಹಾಕುತ್ತಾರಾ? ಹತ್ತರಲ್ಲಿ ಒಬ್ಬರೂ ಹಾಕಲಿಕ್ಕಿಲ್ಲ. ಓದಲು ಸ್ಪಷ್ಟವಾದಷ್ಟೂ ಊಹಿಸಿ ಬರೆಯಲು ಕಷ್ಟವಾಗುತ್ತದೆ. ಈ ಎಳೆದಾಟವೇ ಇಡೀ ಸಮಸ್ಯೆಯ ಬೇರು.

ನನ್ನ ತೀರ್ಮಾನ ಇದು: ಯೂಸರ್‌ನೇಮ್ ಇರುವುದು ತಲುಪುವುದಕ್ಕೆ. ಅಲ್ಲಿ ಕೇಳಿ ಬರೆಯುವವರ ಕಡೆಗೇ ಒಲಿಯಬೇಕು. ಉಚ್ಚಾರ ತೋರಿಸುವ ಕೆಲಸವನ್ನು ಖಾತೆಯ ಇನ್ನೊಂದು ಖಾನೆಗೆ, ಅಂದರೆ ಡಿಸ್‌ಪ್ಲೇ ನೇಮ್‌ಗೆ ಬಿಡಬೇಕು. ಅಲ್ಲಿ ಬಹುತೇಕ ಎಲ್ಲ ಕಡೆ ಕನ್ನಡ ಲಿಪಿ ನಡೆಯುತ್ತದೆ. `rama` ಅನ್ನುವ ಖಾತೆಯ ಮೇಲೆ "ರಮಾ" ಅಂತ ಇದ್ದರೆ ಕನ್ನಡ ಓದುವವರಿಗೆ ಆ ದೋಷ ಅಲ್ಲಿಗೇ ಮುಗಿಯಿತು. ಹೊರಗಿನವರಿಗಾಗಿ ಅದರ ಪಕ್ಕದಲ್ಲೇ Ramaa ಅಂತ ಬರೆಯಿರಿ. ಆ ಖಾನೆಯನ್ನು ಯಾರೂ ಕೇಳಿ ಟೈಪ್ ಮಾಡುವುದಿಲ್ಲ, ಹಾಗಾಗಿ ಅಲ್ಲಿ ಎಷ್ಟು ಅಕ್ಷರ ಇದ್ದರೂ ತೊಂದರೆ ಇಲ್ಲ.

ನಮ್ಮ ಊರುಗಳ ಹೆಸರಿನಲ್ಲೂ ಇದೇ ದಾರಿ ಹಿಡಿದಿದ್ದಾರೆ. 2014ರಲ್ಲಿ ರಾಜ್ಯದ 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾದಾಗ ಬಳ್ಳಾರಿ Ballari ಆಯಿತು, ಬೆಳಗಾವಿ Belagavi ಆಯಿತು, ಹೊಸಪೇಟೆ Hosapete ಆಯಿತು. ದೀರ್ಘಕ್ಕೆ ಎರಡು ಎ ಇಲ್ಲ, ಳಕಾರಕ್ಕೆ ಗುರುತಿಲ್ಲ, ಎಕಾರ ಏಕಾರ ಎರಡಕ್ಕೂ ಒಂದೇ ಅಕ್ಷರ. ಓದುವಾಗ ಸ್ವಲ್ಪ ನಷ್ಟ ಇದೆ, ಟೈಪ್ ಮಾಡುವಾಗ ಗೊಂದಲ ಕಡಿಮೆ.

ದೊಡ್ಡಕ್ಷರ, ಚುಕ್ಕಿ, ಗೀಟು ಇಲ್ಲಿ ಕೈಹಿಡಿಯುವುದಿಲ್ಲ

ಬರಹದಂಥ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ತಟ್ಟನೆ ಹೊಳೆಯುವುದು ದೊಡ್ಡಕ್ಷರ. ಅಲ್ಲಿ `rAma` ಅಂದರೆ ರಾಮ, `ramA` ಅಂದರೆ ರಮಾ. ದೊಡ್ಡ `L` ಒತ್ತಿದರೆ ಳ, ದೊಡ್ಡ `N` ಒತ್ತಿದರೆ ಣ. ಕನ್ನಡ ಟೈಪಿಂಗ್‌ಗೆ ಇದು ಒಳ್ಳೆಯ ಏರ್ಪಾಡು. ಯೂಸರ್‌ನೇಮ್‌ನಲ್ಲಿ ಇದರಿಂದ ಉಪಯೋಗವಿಲ್ಲ. ಏಕೆಂದರೆ ಹೆಚ್ಚಿನ ಸೇವೆಗಳು ದೊಡ್ಡಕ್ಷರ ಸಣ್ಣಕ್ಷರಗಳನ್ನು ಒಂದೇ ಅಂತ ಲೆಕ್ಕ ಹಾಕುತ್ತವೆ. `rAma` ತೆಗೆದುಕೊಂಡವರು ಇದ್ದರೆ `ramA` ನಿಮಗೆ ಸಿಗುವುದಿಲ್ಲ. ವಿಕಿಪೀಡಿಯದಂಥ ಕೆಲವು ಕಡೆ ಮೊದಲ ಅಕ್ಷರ ಬಿಟ್ಟು ಉಳಿದವಕ್ಕೆ ವ್ಯತ್ಯಾಸ ಇದೆ. ಆದರೆ ಅಲ್ಲಿ ನೇರವಾಗಿ ಕನ್ನಡ ಲಿಪಿಯಲ್ಲೇ ಹೆಸರು ಇಟ್ಟುಕೊಳ್ಳಬಹುದು, ಈ ಸರ್ಕಸ್ ಬೇಕಾಗಿಯೇ ಇಲ್ಲ.

ತಲೆಯ ಮೇಲೆ ಗೀಟು, ಕೆಳಗೆ ಚುಕ್ಕಿ ಇಡುವ ಪದ್ಧತಿಯೂ ಇದೆ. ಅದಕ್ಕೆ 2001ರಲ್ಲಿ ಬಂದ ಐಎಸ್‌ಓ 15919 ಅನ್ನುವ ಮಾನದಂಡ ಇದೆ. ಅದರಲ್ಲಿ ರಾಮ `rāma`, ರಮಾ `ramā`. ಗ್ರಂಥಾಲಯದ ಪಟ್ಟಿಗೆ, ಸಂಶೋಧನಾ ಲೇಖನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಲಾಗಿನ್ ಪುಟಗಳು ಸಾಮಾನ್ಯವಾಗಿ ಎ ಇಂದ ಜೆಡ್‌ವರೆಗಿನ ಅಕ್ಷರ, ಅಂಕಿ ಮತ್ತು ಒಂದೆರಡು ಚಿಹ್ನೆ ಬಿಟ್ಟು ಬೇರೇನೂ ಒಪ್ಪುವುದಿಲ್ಲ.

ಚುಕ್ಕಿಯನ್ನು ನಂಬುವವರೂ ಇದ್ದಾರೆ. ಸಾಮಾನ್ಯ ಜಿಮೇಲ್ ಖಾತೆಯಲ್ಲಿ ಚುಕ್ಕಿಗೆ ಲೆಕ್ಕವೇ ಇಲ್ಲ. `ks.harish` ಮತ್ತು `ksharish` ಎರಡೂ ಒಂದೇ ಪೆಟ್ಟಿಗೆಗೆ ಹೋಗುತ್ತವೆ. ಕಚೇರಿ, ಶಾಲೆಗಳ ಜಿಮೇಲ್‌ನಲ್ಲಿ ಮಾತ್ರ ಚುಕ್ಕಿ ಇದ್ದರೆ ಬೇರೆ, ಇಲ್ಲದಿದ್ದರೆ ಬೇರೆ. ಹಾಗಾಗಿ ಸ್ವಂತ ಖಾತೆಯಲ್ಲಿ ಚುಕ್ಕಿಯನ್ನು ಓದುವವರ ಕಣ್ಣಿಗಾಗಿ ಇಡಿ. ಕಚೇರಿ ವಿಳಾಸದಲ್ಲಿ ಇಟ್ಟರೆ ಅದನ್ನೂ ಬಾಯಿಬಿಟ್ಟು ಹೇಳಬೇಕು.

ಕವಲು ಹುಡುಕುವುದು: ಗೌರೀಶ ಅನ್ನುವ ಹೆಸರು

ಒಂದು ಶಬ್ದಕ್ಕೆ ಎರಡು ಮೂರು ಸ್ಪೆಲಿಂಗ್ ಚಾಲ್ತಿಯಲ್ಲಿರುವ ಜಾಗವನ್ನು ನಾನು ಕವಲು ಅನ್ನುತ್ತೇನೆ. ಹೆಸರನ್ನು ತುಂಡು ತುಂಡಾಗಿ ಬಿಡಿಸಿದರೆ ಕವಲುಗಳು ಕಾಣುತ್ತವೆ. ಗೌರೀಶ ಅನ್ನುವ ಹೆಸರನ್ನೇ ನೋಡೋಣ.

ಮೊದಲು ಗೌ. ಮೈಸೂರು, ಮಂಡ್ಯ, ಹಾಸನದ ಕಡೆ ಔಕಾರಕ್ಕೆ `ow` ಹಾಕುವುದು ರೂಢಿ. ಗೌಡ ಅಂದರೆ Gowda. ಧಾರವಾಡ, ವಿಜಯಪುರ, ಬಾಗಲಕೋಟೆ ಕಡೆ ಅದೇ ಗೌಡ ಹೆಚ್ಚಾಗಿ Gouda. ಹಿಂದಿ ಓದಿದವರು, ಸಂಸ್ಕೃತ ಓದಿದವರು `au` ಬರೆಯುತ್ತಾರೆ. ಇಲ್ಲಿಗೆ ಮೂರು ದಾರಿ. ಆಮೇಲೆ ರೀ. ಕೆಲವರು `ri`, ಕೆಲವರು `ree`. ಎರಡು ದಾರಿ. ಕೊನೆಗೆ ಶ. ಹೆಸರನ್ನು ಗೌರೀಶ್ ಅಂತ ನಿಲ್ಲಿಸುವವರು `sh` ಬರೆಯುತ್ತಾರೆ, ಗೌರೀಶ ಅಂತ ಪೂರ್ತಿ ಹೇಳುವವರು `sha`. ಮತ್ತೆ ಎರಡು ದಾರಿ.

ಮೂರು, ಎರಡು, ಎರಡು. ಗುಣಿಸಿದರೆ 12. `gowrish`, `gowrisha`, `gourish`, `gaurish`, `gowreesh`, `gaureesha`, ಹೀಗೆ ಹನ್ನೆರಡೂ ಸ್ಪೆಲಿಂಗನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಬಹುದು. ಯಾವುದೂ ತಪ್ಪಲ್ಲ, ಅದೇ ಕಷ್ಟ.

ಈಗ ಪರೀಕ್ಷೆ ಮಾಡಿ. ನಿಮ್ಮ ಹೆಸರು ಬರೆದದ್ದನ್ನು ಯಾವತ್ತೂ ನೋಡಿರದ ಮೂವರಿಗೆ ಫೋನ್ ಮಾಡಿ. ಒಬ್ಬರು ಹಳೇ ಮೈಸೂರಿನವರಾಗಿರಲಿ, ಒಬ್ಬರು ಉತ್ತರ ಕರ್ನಾಟಕದವರಾಗಿರಲಿ, ಒಬ್ಬರು ಕನ್ನಡ ಬಾರದವರಾಗಿರಲಿ. ಹೆಸರು ಹೇಳಿ, ಸ್ಪೆಲಿಂಗ್ ಹೇಳಬೇಡಿ. "ಇದನ್ನ ಇಂಗ್ಲಿಷಲ್ಲಿ ಟೈಪ್ ಮಾಡಿ ನನಗೆ ಮೆಸೇಜ್ ಹಾಕಿ" ಅನ್ನಿ. ಬಂದ ಮೂರು ಮೆಸೇಜನ್ನು ಒಂದರ ಕೆಳಗೊಂದು ಇಟ್ಟು ನೋಡಿ. ಎಲ್ಲಿ ಬೇರೆಯಾಗಿವೆಯೋ ಅದೇ ನಿಮ್ಮ ನಿಜವಾದ ಕವಲು. ಪುಸ್ತಕದಲ್ಲಿ ಹನ್ನೆರಡು ಇದ್ದರೂ ನಿಮ್ಮ ಬಳಗದಲ್ಲಿ ಎರಡೇ ಇರಬಹುದು. ಗೌರೀಶನ ವಿಷಯದಲ್ಲಿ ಸಾಮಾನ್ಯವಾಗಿ ಜಗಳ ಉಳಿಯುವುದು `ow`, `ou`, `au` ನಡುವೆ. `ree` ಬರೆಯುವವರು ಕಡಿಮೆ.

ಆರಿಸುವಾಗ

ಮೊದಲ ಕೆಲಸ, ಆಧಾರ್, ಪಾನ್, ಪಾಸ್‌ಪೋರ್ಟ್, ಅಂಕಪಟ್ಟಿ ತೆಗೆದು ನೋಡುವುದು. ಅಲ್ಲಿ ಒಂದು ಸ್ಪೆಲಿಂಗ್ ಗಟ್ಟಿಯಾಗಿದ್ದರೆ ಅದನ್ನೇ ಹಿಡಿಯಿರಿ, ಅದು ನಿಮಗೆ ಇಷ್ಟವಿಲ್ಲದಿದ್ದರೂ. ನಿಮ್ಮ ಹೆಸರನ್ನು ಕೇಳಿ ಬರೆಯುವವರಿಗಿಂತ ಕಾಗದ ನೋಡಿ ಬರೆಯುವವರು ಜಾಸ್ತಿ. ದಾಖಲೆಯಲ್ಲಿ Gourish ಇದ್ದು ಖಾತೆ `gowrish` ಆದರೆ ನೀವಾಗಿಯೇ ಹೊಸ ಕವಲು ಮಾಡಿಕೊಂಡಂತೆ.

ದಾಖಲೆಗಳೇ ಒಂದೊಂದು ಥರ ಇದ್ದರೆ, ಅಥವಾ ಇದು ದಾಖಲೆಗೆ ಸಂಬಂಧವಿಲ್ಲದ ಖಾತೆಯಾದರೆ, ಆಗ ಯೋಚನೆ ಬೇಕು. ಮೊಬೈಲಲ್ಲಿ ಟೈಪ್ ಮಾಡುವವರು ಇರುವಷ್ಟರಲ್ಲೇ ಚಿಕ್ಕದನ್ನು ಹುಡುಕುತ್ತಾರೆ. ಹಾಗಾಗಿ ದೀರ್ಘಕ್ಕೆ ಎರಡು ಅಕ್ಷರ ಬೇಡ ಅನ್ನುವುದು ನನ್ನ ಸಲಹೆ. ಒಂದು ವಿನಾಯಿತಿ ಇದೆ. ವೀಣಾ, ಮೀರಾ, ಪೂಜಾ ಥರದ ಹೆಸರಿನಲ್ಲಿ `veena`, `meera`, `pooja` ಎಷ್ಟು ಬೇರೂರಿವೆ ಅಂದರೆ `vina` ಅಂತ ಯಾರೂ ಒತ್ತುವುದಿಲ್ಲ. ಅಲ್ಲಿ ರೂಢಿಯನ್ನೇ ಹಿಡಿಯಬೇಕು.

ತಕಾರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಅತಿ ಹೆಚ್ಚು ಪತ್ರ ದಾರಿ ತಪ್ಪುವುದು ಇಲ್ಲೇ. ದಕ್ಷಿಣದಲ್ಲಿ ಟ ಮತ್ತು ತ ಬೇರೆ ಮಾಡಲು ತಕಾರಕ್ಕೆ `th` ಬರೆಯುವ ಅಭ್ಯಾಸ ಇದೆ. ವೆಂಕಟೇಶನಿಗೆ `t`, ಸವಿತಾಗೆ `th`. ಇದರ ಹಿಂದೆ ಒಳ್ಳೆಯ ತರ್ಕ ಇದೆ. ಆದರೆ ಮಂಜುನಾಥನ ಥಕಾರಕ್ಕೂ ಅದೇ `th` ಬೇಕು. ಹಿಂದಿ, ಮರಾಠಿಯವರು `th` ನೋಡಿದರೆ ಥ ಅಂತಲೇ ಓದುತ್ತಾರೆ. ಅದಕ್ಕೇ ಉತ್ತರದ ಕಡೆ ನಮ್ಮ ಸವಿತಾ ಎಷ್ಟೋ ಸಲ ಸವಿಥಾ ಆಗುತ್ತಾರೆ. `t` ಬರೆದರೆ ತ ಮತ್ತು ಟ ಬೆರೆಯುತ್ತವೆ, `th` ಬರೆದರೆ ತ ಮತ್ತು ಥ ಬೆರೆಯುತ್ತವೆ. ಎರಡನ್ನೂ ತಪ್ಪಿಸುವ ದಾರಿ ಬರೀ ಇಪ್ಪತ್ತಾರು ಅಕ್ಷರದಲ್ಲಿ ಇಲ್ಲ.

ಹಾಗಾದರೆ ಯಾವುದು? ನಿಮಗೆ ಬರೆಯುವವರು ಯಾರು ಅನ್ನುವುದರ ಮೇಲೆ ಹೋಗಿ. ಬೆಂಗಳೂರು, ಮೈಸೂರಿನ ಬಳಗವಾದರೆ `savitha` ಅಂತಲೇ ಊಹಿಸುತ್ತಾರೆ. ಬೆಳಗಾವಿ, ಕಲಬುರಗಿ, ಪುಣೆ, ದೆಹಲಿಯಾದರೆ `savita`. ಎರಡೂ ಕಡೆಯವರು ಇದ್ದರೆ ನಾನು `t` ಕಡೆ ವಾಲುತ್ತೇನೆ. ಸವಿತಾ ಅನ್ನುವುದನ್ನು ಯಾರೂ ಸವಿಟಾ ಅಂತ ಓದುವುದಿಲ್ಲ, ಏಕೆಂದರೆ ಆ ಹೆಸರು ಎಲ್ಲರಿಗೂ ಗೊತ್ತು. ಇನ್ನೊಂದು ಸ್ಪೆಲಿಂಗ್ ಖಾಲಿ ಇದ್ದರೆ ಅದನ್ನೂ ನೀವೇ ತೆಗೆದುಕೊಂಡು ಮೊದಲನೆಯದಕ್ಕೆ ಫಾರ್ವರ್ಡ್ ಮಾಡಿಬಿಡಿ. ಇಮೇಲ್‌ನಲ್ಲಿ ಇದಕ್ಕಿಂತ ಗಟ್ಟಿ ಪರಿಹಾರ ಇಲ್ಲ. ಕಚೇರಿ ಇಮೇಲ್ ಆದರೆ ನೋಡಿಕೊಳ್ಳುವವರಿಗೆ ಏಲಿಯಾಸ್, ಅಂದರೆ ಅದೇ ಪೆಟ್ಟಿಗೆಗೆ ಹೋಗುವ ಇನ್ನೊಂದು ವಿಳಾಸ, ಹಾಕಿಕೊಡಿ ಅಂತ ಹೇಳಿದರೆ ಸಾಕು, ಹೊಸ ಪೆಟ್ಟಿಗೆಯೂ ಬೇಡ.

ಲಕ್ಷ್ಮಿಯ `ksh` ಮತ್ತು `x`, ವಿಶ್ವನಾಥನ `v` ಮತ್ತು `w`, ಪೃಥ್ವಿಯ `ri` ಮತ್ತು `ru`, ಪ್ರಜ್ಞಾಳ `jn`, `gn`, `gy` ಇವಕ್ಕೂ ಇದೇ ಕ್ರಮ. ಜ್ಞ ಇರುವ ಹೆಸರು ಮಾತ್ರ ಬಹಳ ತೊಂದರೆ ಕೊಡುತ್ತದೆ. ಕನ್ನಡದವರು ಗ್ನ ಅಂತ ಹೇಳಿ `jn` ಬರೆಯುತ್ತಾರೆ, ಹಿಂದಿಯವರು ಗ್ಯ ಅನ್ನುತ್ತಾರೆ, ಮರಾಠಿಯವರು `dny` ಬರೆಯುತ್ತಾರೆ. ಅಂಥ ಹೆಸರಿರುವವರು ಮನೆತನದ ಹೆಸರನ್ನೋ ಅಡ್ಡಹೆಸರನ್ನೋ ಯೂಸರ್‌ನೇಮ್ ಮಾಡಿಕೊಳ್ಳುವುದು ವಾಸಿ.

ಇನಿಷಿಯಲ್ ಅಂಟಿಕೊಳ್ಳುವ ದೋಷ

ಇದು ಬೇರೆಯೇ ದೋಷ, ಹೆಸರಿನ ಸ್ಪೆಲಿಂಗ್ ಸರಿಯಿದ್ದರೂ ಬರುತ್ತದೆ. ಕೆ.ಎಸ್. ಹರೀಶ ಅನ್ನುವವರು ಇನಿಷಿಯಲ್ ಮುಂದೆ ಸೇರಿಸಿ `ksharish` ಅಂತ ಮಾಡಿಕೊಳ್ಳುತ್ತಾರೆ. ಓದಿ ನೋಡಿ: ಕ್ಷರೀಶ್. ಎಸ್. ಹೇಮಾ ಅವರು `shema` ಆಗಿ ಶೇಮಾ ಆಗುತ್ತಾರೆ. ಡಿ. ಹನುಮಂತ `dhanumanta` ಆಗಿ ಧನುಮಂತ ಆಗುತ್ತಾರೆ. ಎ. ಇಂದಿರಾ `aindira` ಆಗುತ್ತಾರೆ, ಅದು ಐಂದಿರಾ.

ಕಾರಣ ಒಂದೇ. ನಮ್ಮ ಮಹಾಪ್ರಾಣ ಮತ್ತು ಶಕಾರಗಳನ್ನು ಇಂಗ್ಲಿಷಿನಲ್ಲಿ ಬರೆಯುವುದೇ `h` ಸೇರಿಸಿ. ಕ, ಗ, ಚ, ಜ, ಟ, ಡ, ಪ, ಬ, ಸ ಇವುಗಳ ಅಕ್ಷರದ ಹಿಂದೆಯೇ ಹಕಾರದ ಹೆಸರು ಬಂದರೆ ಎರಡೂ ಕೂಡಿ ಇನ್ನೊಂದು ಅಕ್ಷರವಾಗುತ್ತವೆ. ಸ್ವರಕ್ಕೆ ಸ್ವರ ತಾಗಿದರೂ ಅಷ್ಟೇ.

ಇನಿಷಿಯಲ್ ಹಿಂದಕ್ಕೆ ಹಾಕಿದರೆ ಹೆಚ್ಚಿನವು ಸರಿಹೋಗುತ್ತವೆ. `harishks`, `hemas`, `indiraa`. ನಿಲ್ಲಿ, ಕೊನೆಯದು ಮತ್ತೆ ಕೆಟ್ಟಿತು, ದೀರ್ಘ ಎಳೆದಂತೆ ಕಾಣುತ್ತದೆ. ಎ. ಹರೀಶ್ ಅವರದೂ ಹಾಗೇ, `harisha` ಅಂದರೆ ಯಾರಿಗೂ ಅಲ್ಲಿ ಇನಿಷಿಯಲ್ ಇದೆ ಅಂತ ಗೊತ್ತಾಗುವುದಿಲ್ಲ. ಎಚ್. ಶ್ರೀನಿವಾಸ್ ಹಿಂದಕ್ಕೆ ಹಾಕಿದರೆ `srinivash`. ಆದ್ದರಿಂದ ಇನಿಷಿಯಲ್ `a` ಅಥವಾ `h` ಆಗಿದ್ದರೆ ಹಿಂದೆ ಮುಂದೆ ಎರಡೂ ಕಡೆ ಇಟ್ಟು ಗಟ್ಟಿಯಾಗಿ ಓದಿ ನೋಡಿ. ಎರಡೂ ಕೆಟ್ಟರೆ ನಡುವೆ ಗೀಟು ಹಾಕಿ. ಇನ್‌ಸ್ಟಾಗ್ರಾಂ ಮತ್ತು ಎಕ್ಸ್‌ನಲ್ಲಿ ಅಡಿಗೀಟು ನಡೆಯುತ್ತದೆ, ಗಿಟ್‌ಹಬ್‌ನಲ್ಲಿ ನಡುಗೀಟು ಮಾತ್ರ. ಎಕ್ಸ್‌ನಲ್ಲಿ ಒಟ್ಟು 15 ಅಕ್ಷರ ಮೀರುವಂತಿಲ್ಲ, ಮಲ್ಲಿಕಾರ್ಜುನನಂಥ ಉದ್ದ ಹೆಸರಿಗೆ ಇದನ್ನೂ ಎಣಿಸಿಕೊಳ್ಳಬೇಕು.

ಕಚೇರಿಯಲ್ಲಿ ಪಟ್ಟಿ ಇರುವವರಿಗೆ

ಖಾತೆ ಮಾಡಿಕೊಡುವ ಕೆಲಸ ನಿಮ್ಮದಾದರೆ ಒಬ್ಬೊಬ್ಬರಿಗೇ ಫೋನ್ ಮಾಡಿ ಪರೀಕ್ಷಿಸುವುದು ಆಗದ ಮಾತು. ಅಲ್ಲಿ ಹುಡುಕಬೇಕಾದ್ದು, ಕಿವಿಗೆ ಒಂದೇ ಆಗಿದ್ದು ಅಕ್ಷರದಲ್ಲಿ ಬೇರೆಯಾದ ಖಾತೆಗಳನ್ನು. `savitha` ಮತ್ತು `savita` ಇಬ್ಬರೂ ಒಂದೇ ಪಟ್ಟಿಯಲ್ಲಿದ್ದರೆ ಇವತ್ತಲ್ಲ ನಾಳೆ ಒಬ್ಬರ ಕಾಗದ ಇನ್ನೊಬ್ಬರಿಗೆ ಹೋಗುತ್ತದೆ. ಹೆಸರುಗಳನ್ನು ಸಾಲಿಗೊಂದರಂತೆ ಒಂದು ಫೈಲಿನಲ್ಲಿಟ್ಟು ಲಿನಕ್ಸ್‌ನಲ್ಲಿ ಇದನ್ನು ಓಡಿಸಿ:

```
tr 'A-Z' 'a-z' < names.txt |
sed 's/th/t/g; s/dh/d/g; s/ee/i/g; s/oo/u/g
     s/o[uw]/au/g; s/x/ksh/g; s/w/v/g
     s/aa/a/g; s/a$//' |
sort | uniq -d
```

ಇದು ಹೆಚ್ಚಿನ ಕವಲುಗಳನ್ನು ಒಂದೇ ದಾರಿಗೆ ತಂದು, ಎರಡು ಸಲ ಬಂದದ್ದನ್ನು ಮಾತ್ರ ತೋರಿಸುತ್ತದೆ. ಸವಿತಾ ಇಬ್ಬರೂ `savit` ಆಗಿ ಒಂದು ಸಾಲಿನಲ್ಲಿ ಸಿಗುತ್ತಾರೆ. ಗೌರೀಶನ ಹನ್ನೆರಡು ರೂಪವೂ `gaurish` ಒಂದೇ ಆಗುತ್ತದೆ. `ou` ಮತ್ತು `ow` ಬದಲಿಸುವ ಭಾಗ `w` ಬದಲಿಸುವ ಭಾಗಕ್ಕಿಂತ ಮೊದಲೇ ಇರಬೇಕು, ಅದಲುಬದಲಾದರೆ `gowrish` ಹೋಗಿ `govrish` ಆಗುತ್ತದೆ. ಏನೂ ಬರಲಿಲ್ಲ ಅಂದರೆ ಫೈಲು ವಿಂಡೋಸ್‌ನಲ್ಲಿ ಉಳಿಸಿದ್ದಾ ಅಂತ ಒಮ್ಮೆ ನೋಡಿ. ಅಲ್ಲಿ ಸಾಲಿನ ಕೊನೆಗೆ ಕಾಣದ ಗುರುತು ಸೇರಿರುತ್ತದೆ, ಕೊನೆಯ `a` ಅಳಿಸುವುದಿಲ್ಲ.

ಈ ಜರಡಿ ಬೇಕೆಂದೇ ಒರಟಾಗಿದೆ. `ram` ಮತ್ತು `rama` ಎರಡನ್ನೂ ಒಂದೇ ಅನ್ನುತ್ತದೆ, ಪ್ರಜ್ಞಾಳ ಮೂರು ರೂಪವನ್ನು ಹಿಡಿಯುವುದಿಲ್ಲ. ಸಿಕ್ಕಿದ ಸಾಲನ್ನು ಕಣ್ಣಲ್ಲಿ ನೋಡಿ ತೀರ್ಮಾನಿಸಬೇಕು.

ಇಬ್ಬರು ಸಿಕ್ಕರು ಅಂದುಕೊಳ್ಳಿ. ಆಗ ಒಬ್ಬರಿಗೆ ಮಾತ್ರ ಅಂಕಿ ಹಚ್ಚಿ `savita2` ಮಾಡಬೇಡಿ. ಅಂಕಿ ಮರೆತವರ ಪತ್ರವೆಲ್ಲ ಮೊದಲನೆಯವರಿಗೆ ಹೋಗುತ್ತದೆ, ಯಾರಿಗೂ ಸುಳಿವೇ ಸಿಗುವುದಿಲ್ಲ. ಇಬ್ಬರಿಗೂ ಇನಿಷಿಯಲ್ ಅಥವಾ ವಿಭಾಗದ ಹೆಸರು ಸೇರಿಸಿ. ಬರೀ `savita`, ಬರೀ `savitha` ಎರಡನ್ನೂ ಯಾರಿಗೂ ಕೊಡದೆ ಖಾಲಿ ಬಿಡಿ. ಆಗ ತಪ್ಪು ವಿಳಾಸದ ಪತ್ರ ಕಳಿಸಿದವರಿಗೇ ವಾಪಸ್ ಬರುತ್ತದೆ, ಅವರು ಫೋನ್ ಮಾಡಿ ಕೇಳುತ್ತಾರೆ.

ಫೋನಲ್ಲಿ ಹೇಳುವಾಗ

ಎಷ್ಟೇ ಆರಿಸಿದರೂ ಒಂದು ಕವಲು ಉಳಿದೇ ಉಳಿಯುತ್ತದೆ. ಅದನ್ನು ಮಾತ್ರ ಹೇಳಿದರೆ ಸಾಕು. ಪೂರ್ತಿ ಹೆಸರನ್ನು ಜಿ, ಓ, ಡಬ್ಲ್ಯು, ಆರ್ ಅಂತ ಒಪ್ಪಿಸುತ್ತಾ ಹೋದರೆ ಕೇಳುವವರು ನಡುವೆ ಎಲ್ಲೋ ಬಿಡುತ್ತಾರೆ. ಬಿ, ಡಿ, ಪಿ, ಟಿ ಫೋನಲ್ಲಿ ಒಂದೇ ಥರ ಕೇಳಿಸುತ್ತವೆ ಬೇರೆ.

"ಗೌರೀಶ್ ಸರ್, ಗೌಗೆ ಜಿ ಓ ಡಬ್ಲ್ಯು, ರಿಗೆ ಒಂದೇ ಐ, ಕೊನೆಗೆ ಎ ಇಲ್ಲ." ಇಷ್ಟೇ ಸಾಕು. ಆಮೇಲೆ "ಒಂದ್ಸಲ ಓದಿ ಹೇಳಿ" ಅನ್ನಬೇಡಿ. ಅವರು "ಗೌರೀಶ್" ಅಂತಲೇ ಓದುತ್ತಾರೆ, ಅಕ್ಷರ ತಪ್ಪಿದ್ದರೂ ಗೊತ್ತಾಗುವುದಿಲ್ಲ. "ಒಟ್ಟು ಎಷ್ಟು ಅಕ್ಷರ ಬಂತು?" ಅಂತ ಕೇಳಿ. `gowrish` ಆದರೆ ಏಳು. ಎಂಟು ಅಂದರೆ ಎಲ್ಲೋ ಒಂದು ಜಾಸ್ತಿ ಬಿದ್ದಿದೆ, ಹೆಚ್ಚಾಗಿ ಕೊನೆಯ ಎ. ಏಳೇ ಬಂದು `gourish` ಆಗಿದ್ದರೆ ಮಾತ್ರ ಈ ಎಣಿಕೆ ಹಿಡಿಯುವುದಿಲ್ಲ. ಅದಕ್ಕೇ ಡಬ್ಲ್ಯುವನ್ನು ಮೊದಲೇ ಬಿಡಿಸಿ ಹೇಳುವುದು.

ಈಗಾಗಲೇ ಬಳಸುತ್ತಿರುವ ಹೆಸರನ್ನು ಬದಲಿಸಿದರೆ ಹಳೆಯ ಇಮೇಲ್ ವಿಳಾಸವನ್ನು ಮುಚ್ಚಬೇಡಿ, ಫಾರ್ವರ್ಡ್ ಹಾಕಿ ಇಟ್ಟುಕೊಳ್ಳಿ. ಬ್ಯಾಂಕು, ಗ್ಯಾಸು, ಮಕ್ಕಳ ಶಾಲೆ, ಇನ್ಶೂರೆನ್ಸ್ ಇವುಗಳಲ್ಲಿ ಹಳೆಯದೇ ಇರುತ್ತದೆ, ವರ್ಷಕ್ಕೊಮ್ಮೆ ಪತ್ರ ಕಳಿಸುವವರು ಕೊನೆಯಲ್ಲಿ ಬರುತ್ತಾರೆ. ಹಳೆಯ ವಿಳಾಸಕ್ಕೆ ಯಾರಿಂದ ಏನು ಬಂತು ಅಂತ ನೋಡುತ್ತಾ ಒಬ್ಬೊಬ್ಬರಿಗೇ ಹೊಸದನ್ನು ತಿಳಿಸುತ್ತಾ ಹೋಗಿ. ಸಾಮಾಜಿಕ ಜಾಲತಾಣದ ಹೆಸರಾದರೆ ಬಿಟ್ಟುಕೊಟ್ಟ ಹಳೆಯ ಹೆಸರನ್ನು ಬೇರೆಯವರು ತೆಗೆದುಕೊಳ್ಳಬಹುದು, ಹಾಗಾಗಿ ವಿಸಿಟಿಂಗ್ ಕಾರ್ಡಿನಲ್ಲಿ, ಇಮೇಲ್ ಸಹಿಯಲ್ಲಿ ಇರುವುದನ್ನು ಅವತ್ತೇ ತಿದ್ದಿಬಿಡಿ.